ಪ್ರಕರಣ ಮಂಡನೆ: ನಾಯಿಯ ಮೇದೋಜೀರಕ ಗ್ರಂಥಿಯ ಉರಿಯೂತ

ಪ್ರಕರಣ ಮಂಡನೆ ಎಂದರೆ ಪಶುವೈದ್ಯಕೀಯ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಯು ತಾನು ನೋಡಿದ ಒಂದು ರೋಗಿ ಪ್ರಾಣಿಯ ಪೂರ್ವವೃತ್ತ, ದೇಹಪರೀಕ್ಷೆ, ತಪಾಸಣೆ, ರೋಗನಿರ್ಣಯ, ಚಿಕಿತ್ಸೆ ಮತ್ತು ಪ್ರಗತಿಯನ್ನು ನಿಗದಿತ ಕ್ರಮದಲ್ಲಿ ಅಧ್ಯಾಪಕರ ಮುಂದೆ ಬಾಯಿಮಾತಿನಲ್ಲಿ ಒಪ್ಪಿಸುವ ವಿಧಾನ. ಕಾಲೇಜುಗಳಲ್ಲಿ ಇದಕ್ಕೆ ಕೇಸ್ ಪ್ರೆಸೆಂಟೇಶನ್ ಎಂದೇ ಹೆಸರು. ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಈ ಮಂಡನೆಗೆ ಮತ್ತೆ ಮತ್ತೆ ಆಯ್ಕೆಯಾಗುವ ರೋಗ. ಇದನ್ನು ಒಂದೇ ಪರೀಕ್ಷೆಯಿಂದ ಖಚಿತಪಡಿಸಲು ಬರುವುದಿಲ್ಲ. ಹೀಗಾಗಿ ವಿದ್ಯಾರ್ಥಿಯು ಪೂರ್ವವೃತ್ತ, ಕೈಗೆ ಸಿಕ್ಕ ಲಕ್ಷಣ ಮತ್ತು ಪ್ರಯೋಗಾಲಯದ ಅಂಕಿಗಳನ್ನು ಒಂದಕ್ಕೊಂದು ಹೊಂದಿಸಿ, ಇದೇ ಲಕ್ಷಣ ತೋರುವ ಇತರ ರೋಗಗಳನ್ನು ಒಂದೊಂದಾಗಿ ತಳ್ಳಿಹಾಕಿ ನಿರ್ಣಯಕ್ಕೆ ಬರಬೇಕಾಗುತ್ತದೆ. ಈ ಲೇಖನವು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸಂದರ್ಭವನ್ನು ಇಟ್ಟುಕೊಂಡು ಅಂಥ ಮಂಡನೆಯ ರಚನೆಯನ್ನು ವಿವರಿಸುತ್ತದೆ.

ಹಿನ್ನೆಲೆ

ಮಂಡನೆಯ ಇಂದಿನ ರೂಪ ಬಂದದ್ದು ಮಾನವ ವೈದ್ಯಕೀಯದಿಂದ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಸಮಸ್ಯೆಯನ್ನು ಕೇಂದ್ರವಾಗಿ ಇಟ್ಟುಕೊಂಡ ರೋಗಿದಾಖಲೆಯ ಪದ್ಧತಿಯನ್ನು ಪ್ರಕಟಿಸಿದರು. ರೋಗದ ಹೆಸರಿನಿಂದ ಆರಂಭಿಸದೆ ರೋಗಿಯ ಸಮಸ್ಯೆಗಳ ಪಟ್ಟಿಯಿಂದ ಆರಂಭಿಸಬೇಕು, ಪ್ರತಿಯೊಂದು ಸಮಸ್ಯೆಗೂ ಹೇಳಿದ್ದು, ಕಂಡದ್ದು, ತೀರ್ಮಾನ, ಯೋಜನೆ ಎಂಬ ನಾಲ್ಕು ಭಾಗಗಳಲ್ಲಿ ಟಿಪ್ಪಣಿ ಬರೆಯಬೇಕು ಎಂಬುದು ಆ ಪದ್ಧತಿಯ ತಿರುಳು. ಪಶುವೈದ್ಯಕೀಯ ಕಾಲೇಜುಗಳು ಇದನ್ನೇ ಅಳವಡಿಸಿಕೊಂಡವು. ಬಾಯಿ ಬಿಟ್ಟು ಹೇಳಲಾರದ ರೋಗಿಯಾದ್ದರಿಂದ ‘ಹೇಳಿದ್ದು’ ಎಂಬ ಭಾಗ ಇಲ್ಲಿ ಸಾಕಿದವರ ಮಾತಾಗುತ್ತದೆ.

ಕರ್ನಾಟಕದಲ್ಲಿ ಪಶುವೈದ್ಯಕೀಯ ಪದವಿ ಶಿಕ್ಷಣ 1958ರಲ್ಲಿ ಬೆಂಗಳೂರಿನ ಹೆಬ್ಬಾಳದ ಕಾಲೇಜಿನಿಂದ ಆರಂಭವಾಯಿತು. ಈಗ ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮೊದಲಾದ ಕಡೆ ಕಾಲೇಜುಗಳಿವೆ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಾವಳಿಯಂತೆ ಪದವಿಯ ಅವಧಿ ಐದೂವರೆ ವರ್ಷ. ಅದರ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್.

ರೋಗದ ಸ್ವರೂಪ

ನಾಯಿಯ ಮೇದೋಜೀರಕ ಗ್ರಂಥಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ್ದು. ಅದರ ಬಲತೋಳು ಸಣ್ಣ ಕರುಳಿನ ಮೊದಲ ಭಾಗಕ್ಕೆ ಒತ್ತಿಕೊಂಡಿದೆ, ಎಡತೋಳು ಜಠರದ ಹಿಂಬದಿಯಲ್ಲಿ ಚಾಚಿದೆ, ಎರಡೂ ಸೇರುವ ಮೂಲೆ ಜಠರದ ಬಾಗಿಲ ಬಳಿಯಿದೆ. ಹೊಟ್ಟೆಯ ಬಲ ಮುಂಭಾಗವನ್ನು ಮುಟ್ಟಿದಾಗ ನೋವು ಕಾಣುವುದು ಈ ಸ್ಥಾನದಿಂದಲೇ. ಪಿತ್ತನಾಳ ಪಕ್ಕದಲ್ಲೇ ಕರುಳಿಗೆ ತೆರೆಯುವುದರಿಂದ ಗ್ರಂಥಿ ಬಾತುಕೊಂಡಾಗ ಕಾಮಾಲೆ ಬರಬಹುದು.

ಗ್ರಂಥಿಯು ಪ್ರೋಟೀನನ್ನು ಕರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ ಕರುಳಿಗೆ ಕಳಿಸುತ್ತದೆ. ಅದು ಚುರುಕಾಗಬೇಕಾದದ್ದು ಕರುಳಿನಲ್ಲಿ. ಗ್ರಂಥಿಯ ಜೀವಕೋಶದ ಒಳಗೇ ಚುರುಕಾದರೆ ಉಳಿದ ಕಿಣ್ವಗಳನ್ನೂ ಎಬ್ಬಿಸಿ, ಗ್ರಂಥಿಯನ್ನೂ ಸುತ್ತಲಿನ ಕೊಬ್ಬನ್ನೂ ಜೀರ್ಣಿಸಲು ತೊಡಗುತ್ತದೆ. ಅಲ್ಲಿಂದ ಹೊರಟ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿದರೆ ಮೂತ್ರಪಿಂಡ, ಶ್ವಾಸಕೋಶ ಮತ್ತು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಡುತ್ತವೆ. ಸೌಮ್ಯ ರೂಪದಲ್ಲಿ ನಾಯಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ, ತೀವ್ರ ರೂಪದಲ್ಲಿ ಸಾಯಬಹುದು. ಮೊದಲ ದಿನ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ.

ಬೊಜ್ಜು, ಏಕಾಏಕಿ ತಿಂದ ಕೊಬ್ಬು, ರಕ್ತದಲ್ಲಿ ಟ್ರೈಗ್ಲಿಸರೈಡಿನ ಏರಿಕೆ, ಸಕ್ಕರೆ ಕಾಯಿಲೆಯಂಥ ಹಾರ್ಮೋನು ರೋಗಗಳು ಮತ್ತು ಫಿಟ್ಸ್‌ಗೆ ಕೊಡುವ ಪೊಟ್ಯಾಸಿಯಂ ಬ್ರೋಮೈಡಿನಂಥ ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. ಬಹಳಷ್ಟು ನಾಯಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೇಳಲೇಬೇಕಾದ ಇನ್ನೆರಡು ಕಾರಣಗಳಿವೆ. ಒಂದು, ಉಣ್ಣೆಯಿಂದ ಹರಡುವ ಬೆಬೀಸಿಯಾ ರೋಗ: ಇದು ಕೆಂಪು ರಕ್ತಕಣಗಳನ್ನು ಒಡೆಯುವುದರ ಜೊತೆಗೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತವನ್ನೂ ತರುತ್ತದೆ. ಇನ್ನೊಂದು, ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದಲ್ಲಿ ಔಷಧಿ ಡಬ್ಬಗಳು ಮನೆ ಮತ್ತು ಬ್ಯಾರನ್ ಸುತ್ತಮುತ್ತ ಇರುವುದು ಸಾಮಾನ್ಯವಾದ್ದರಿಂದ ಈ ಪ್ರಶ್ನೆ ಔಪಚಾರಿಕವಲ್ಲ.

ಮಂಡನೆಯ ರಚನೆ

ಮಂಡನೆಗೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ನಿಮಿಷ ಸಿಗುತ್ತದೆ. ಪಠ್ಯದ ಕ್ರಮ ಹೀಗಿರುತ್ತದೆ: ರೋಗಿಯ ಗುರುತು, ಬಂದ ಕಾರಣ, ಪೂರ್ವವೃತ್ತ, ದೇಹಪರೀಕ್ಷೆ, ಸಮಸ್ಯೆಗಳ ಪಟ್ಟಿ, ಸಂಭವನೀಯ ರೋಗಗಳು, ಪರೀಕ್ಷೆ ಮತ್ತು ಫಲಿತಾಂಶ, ನಿರ್ಣಯ, ಚಿಕಿತ್ಸೆ, ಪ್ರಗತಿ, ಚರ್ಚೆ. ಈ ಕ್ರಮದಲ್ಲಿ ಹೆಚ್ಚು ಸಮಯ ಬೇಡುವುದು ನಡುವಿನ ಭಾಗ, ಅಂದರೆ ಸಮಸ್ಯೆಯಿಂದ ಸಂಭವನೀಯ ರೋಗಕ್ಕೂ ಅಲ್ಲಿಂದ ಪರೀಕ್ಷೆಗೂ ಹೋಗುವ ದಾರಿ. ಮೊದಲ ವಾಕ್ಯದಲ್ಲೇ ‘ಇದು ಪ್ಯಾಂಕ್ರಿಯಾಟೈಟಿಸ್ ಪ್ರಕರಣ’ ಎಂದು ಹೇಳಿಬಿಟ್ಟರೆ ಆ ದಾರಿಯೇ ಮುಚ್ಚಿಹೋಗುತ್ತದೆ. ರೋಗದ ಹೆಸರು ಸಮಸ್ಯೆಗಳ ಪಟ್ಟಿ ಮುಗಿದ ಮೇಲೆ, ಹಲವು ಹೆಸರುಗಳಲ್ಲಿ ಒಂದಾಗಿ ಬರಬೇಕು.

ಮಾದರಿ ಪ್ರಕರಣ

ಮುಂದಿನದು ವಿವರಣೆಗಾಗಿ ರಚಿಸಿದ ಪ್ರಕರಣ. ಅಂಕಿಗಳು ಇಂಥ ರೋಗಿಯಲ್ಲಿ ಸಹಜವಾಗಿ ಕಾಣುವಂಥವು.

ಗುರುತು ಮತ್ತು ಪೂರ್ವವೃತ್ತ

ಪಠ್ಯದ ಮೊದಲ ವಾಕ್ಯ: “ಹುಣಸೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಎಂಟು ವರ್ಷದ, ಸಂತಾನಹರಣ ಆಗದ ಹೆಣ್ಣು ಸ್ಪಿಟ್ಜ್, ತೂಕ 12 ಕೆ.ಜಿ., ಎರಡು ದಿನದಿಂದ ವಾಂತಿ ಮತ್ತು ಆಹಾರ ಬಿಟ್ಟಿರುವುದು.” ಸಾಕುವವರು ಈ ಜಾತಿಯನ್ನು ಪಮೇರಿಯನ್ ಎಂದೇ ಕರೆಯುತ್ತಾರೆ. ಮಂಡನೆಯಲ್ಲಿ ಸ್ಪಿಟ್ಜ್ ಎಂದು ಹೇಳುವುದು ಸರಿ.

ಪೂರ್ವವೃತ್ತದಲ್ಲಿ ಊಟದ ವಿಚಾರ ಎಲ್ಲಕ್ಕಿಂತ ಮುಖ್ಯ, ತಪ್ಪಿಹೋಗುವುದೂ ಅದೇ. ಏನು ತಿಂದಿತ್ತು ಎಂದರೆ “ಮನೆ ಊಟನೇ ಸಾರ್, ಮುದ್ದೆ ಸಾರು” ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ನಾಯಿ ಆಸ್ಪತ್ರೆಗೆ ಬಂದದ್ದು ಯುಗಾದಿಯ ಮರುವಾರ. ಹಳೇ ಮೈಸೂರು ಭಾಗದಲ್ಲಿ ಯುಗಾದಿಯ ಬೆನ್ನಿಗೇ ಹೊಸತೊಡಕು, ಅಂದು ಮನೆಮನೆಯಲ್ಲೂ ಬಾಡೂಟ. ಹಾಗಾಗಿ ಪ್ರಶ್ನೆ ಬೇರೆ ರೀತಿ ಇರಬೇಕು: “ಹೊಸತೊಡಕಿನ ದಿನ ಮಾಂಸ ಹಚ್ಚಿದಾಗ ತೆಗೆದ ಕೊಬ್ಬು ಏನು ಮಾಡಿದ್ರಿ? ಉಳಿದ ಸಾರು, ಮೂಳೆ ಯಾರಿಗೆ ಹಾಕಿದ್ರಿ?” ಈ ಪ್ರಕರಣದಲ್ಲಿ ಕುರಿಯ ಕೊಬ್ಬಿನ ತುಂಡುಗಳನ್ನೂ ಮೇಲೆ ಜಿಡ್ಡು ತೇಲುತ್ತಿದ್ದ ಸಾರನ್ನೂ ನಾಯಿಗೆ ಹಾಕಿದ್ದರು. ಮಾರನೆಯ ರಾತ್ರಿಯಿಂದ ವಾಂತಿ, ಒಂದು ದಿನಕ್ಕೆ ಆರು ಸಲ, ಮೊದಲು ಅನ್ನ, ಆಮೇಲೆ ಹಳದಿ ನೀರು. ಕುಡಿದ ನೀರೂ ನಿಲ್ಲುತ್ತಿಲ್ಲ. ಮಲ ಒಂದು ಸಲ ತೆಳುವಾಗಿತ್ತು.

ಹೊಟ್ಟೆ ಹಿಂಡಿಕೊಂಡು ಬರುವುದು ವಾಂತಿ, ಶ್ರಮವಿಲ್ಲದೆ ಅನ್ನನಾಳದಿಂದಲೇ ಹೊರಬರುವುದು ರಿಗರ್ಜಿಟೇಶನ್. ಇವೆರಡರಲ್ಲಿ ಯಾವುದು ಎಂಬುದನ್ನು ವಿದ್ಯಾರ್ಥಿ ಕೇಳಿ ದಾಖಲಿಸಬೇಕು. ಉಳಿದ ಉತ್ತರಗಳು: ಮೂಳೆ ತಿಂದಿರುವ ಸಾಧ್ಯತೆ ಇದೆ. ರೇಬಿಸ್ ಲಸಿಕೆ ಮಾತ್ರ ಆಗಿದೆ. ಬೆದೆಗೆ ಬಂದು ಐದು ತಿಂಗಳಾಗಿದೆ. ಉಣ್ಣೆಗೆ ಎರಡು ತಿಂಗಳಿಂದ ಔಷಧಿ ಹಾಕಿಲ್ಲ. ಹೊಗೆಸೊಪ್ಪಿನ ಸಸಿ ಮಡಿಗೆ ಔಷಧಿ ಹೊಡೆದದ್ದು ಹದಿನೈದು ದಿನದ ಹಿಂದೆ, ನಾಯಿ ಅತ್ತ ಹೋಗಿಲ್ಲ.

ದೇಹಪರೀಕ್ಷೆ

ಉಷ್ಣಾಂಶ 103.4 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 148, ಉಸಿರಾಟ 36. ಒಸಡು ಗುಲಾಬಿ ಬಣ್ಣದ್ದೇ ಆದರೂ ಒಣಗಿದೆ. ಒಸಡನ್ನು ಒತ್ತಿ ಬಿಟ್ಟರೆ ಬಣ್ಣ ಮರಳಲು ಎರಡು ಸೆಕೆಂಡು. ಬೆನ್ನಿನ ಚರ್ಮ ಎತ್ತಿ ಬಿಟ್ಟರೆ ನಿಧಾನವಾಗಿ ಕೂರುತ್ತದೆ, ಕಣ್ಣು ತುಸು ಒಳಗೆ ಹೋಗಿದೆ. ಇವನ್ನೆಲ್ಲ ಸೇರಿಸಿ ನಿರ್ಜಲೀಕರಣ ಶೇಕಡಾ 8 ಎಂದು ಅಂದಾಜಿಸಲಾಗಿದೆ. ದೇಹಸ್ಥಿತಿ ಒಂಬತ್ತರಲ್ಲಿ ಎಂಟು, ಅಂದರೆ ಸ್ಪಷ್ಟ ಬೊಜ್ಜು. ಹೊಟ್ಟೆಯ ಬಲ ಮುಂಭಾಗ ಮುಟ್ಟಿದೊಡನೆ ಬಿಗಿಯಾಗುತ್ತದೆ, ನಾಯಿ ತಿರುಗಿ ನೋಡುತ್ತದೆ. ನಡುನಡುವೆ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ಊರಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಪ್ರಾರ್ಥನೆಯ ಭಂಗಿ ಎಂದು ಹೆಸರಾದ ಈ ನಿಲುವು ಹೊಟ್ಟೆನೋವಿನ ಗುರುತು, ಆದರೆ ಈ ರೋಗಕ್ಕೇ ಮೀಸಲಾದದ್ದಲ್ಲ. ಕಾಮಾಲೆ ಇಲ್ಲ, ಯೋನಿಸ್ರಾವ ಇಲ್ಲ, ಜೊಲ್ಲು ಸುರಿಸುವುದಾಗಲಿ ಪಾಪೆ ಕಿರಿದಾಗಿರುವುದಾಗಲಿ ಇಲ್ಲ. ಕಿವಿಯಲ್ಲಿ ಎರಡು ಉಣ್ಣೆ ಸಿಕ್ಕಿವೆ.

ಇಲ್ಲದ ಲಕ್ಷಣಗಳನ್ನು ಹೇಳುವುದು ಪಠ್ಯವನ್ನು ಉದ್ದ ಮಾಡಲಿಕ್ಕಲ್ಲ. ಜೊಲ್ಲು ಮತ್ತು ಕಿರಿದಾದ ಪಾಪೆ ಇಲ್ಲ ಎಂಬ ಒಂದು ವಾಕ್ಯ ಕೀಟನಾಶಕದ ವಿಷವನ್ನು ಬಹುಮಟ್ಟಿಗೆ ದೂರ ಮಾಡುತ್ತದೆ.

ಸಮಸ್ಯೆಗಳ ಪಟ್ಟಿ ಮತ್ತು ಸಂಭವನೀಯ ರೋಗಗಳು

ಪಟ್ಟಿಯಲ್ಲಿ ವಾಂತಿ, ಆಹಾರ ಬಿಟ್ಟಿರುವುದು, ಹೊಟ್ಟೆಯ ಮುಂಭಾಗದ ನೋವು, ಜ್ವರ, ನಿರ್ಜಲೀಕರಣ, ಬೊಜ್ಜು ಮತ್ತು ಉಣ್ಣೆ ಬರುತ್ತವೆ. ಇವುಗಳಲ್ಲಿ ಹೆಚ್ಚು ದಾರಿ ತೋರುವುದು ವಾಂತಿ ಮತ್ತು ಹೊಟ್ಟೆನೋವಿನ ಜೋಡಿ. ಸಂಭವನೀಯ ರೋಗಗಳನ್ನು ಆ ಜೋಡಿಯ ಮೇಲೆ ಕಟ್ಟಬೇಕು.

ಮೊದಲು ಮೇದೋಜೀರಕ ಗ್ರಂಥಿಯ ಉರಿಯೂತ. ಎರಡನೆಯದು ಕರುಳಿನಲ್ಲಿ ಸಿಕ್ಕಿಕೊಂಡ ಮೂಳೆ ಅಥವಾ ಇನ್ನಾವುದೋ ವಸ್ತು. ಇದನ್ನು ಬಿಟ್ಟರೆ ನಾಯಿಗೆ ಬೇಕಾದ ಶಸ್ತ್ರಚಿಕಿತ್ಸೆ ತಡವಾಗುತ್ತದೆ, ಆದ್ದರಿಂದ ಸಂಭವ ಕಡಿಮೆಯಿದ್ದರೂ ಪಟ್ಟಿಯಲ್ಲಿ ಮೇಲೆ ಇರಬೇಕು. ಮೂರನೆಯದು ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ಸಂತಾನಹರಣ ಆಗದ ನಡುವಯಸ್ಸಿನ ಹೆಣ್ಣುನಾಯಿ ವಾಂತಿ ಮಾಡಿದರೆ ಇದನ್ನು ಮರೆಯುವಂತಿಲ್ಲ. ಸಾಮಾನ್ಯವಾಗಿ ಬೆದೆಯ ನಂತರದ ಒಂದೆರಡು ತಿಂಗಳಲ್ಲಿ ಬರುವ ರೋಗ ಎಂಬುದು ಇಲ್ಲಿ ಅದರ ವಿರುದ್ಧವಿದೆ. ನಾಲ್ಕನೆಯದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ. ಕಾವೇರಿ ನಾಲೆಯ ಗದ್ದೆಗಳಿರುವ ಕೆ.ಆರ್. ನಗರದ ಕಡೆಯ ನಾಯಿಯಾದರೆ ಇದರ ತೂಕ ಇನ್ನೂ ಹೆಚ್ಚುತ್ತದೆ. ಉಳಿದಂತೆ ಬೆಬೀಸಿಯಾ, ಮೂತ್ರಪಿಂಡದ ವೈಫಲ್ಯ ಮತ್ತು ಅಡ್ರಿನಲ್ ಗ್ರಂಥಿಯ ಕೊರತೆಯ ಅಡಿಸನ್ ರೋಗ.

ಪರೀಕ್ಷೆಗಳು

ಕೆಂಪುಕಣಗಳ ಪ್ರಮಾಣ ಶೇಕಡಾ 52, ನಿರ್ಜಲೀಕರಣದಿಂದ ಮೇಲಿನ ಅಂಚಿಗೆ ಬಂದಿದೆ. ಅದೇ ನಳಿಗೆಯಲ್ಲಿ ಮೇಲೆ ನಿಂತ ಪ್ಲಾಸ್ಮಾ ತುಸು ಹಾಲಿನಂತಿದೆ. ಎರಡು ದಿನ ಊಟ ಬಿಟ್ಟ ನಾಯಿಯ ರಕ್ತದಲ್ಲಿ ಕೊಬ್ಬು ತೇಲಬಾರದು. ಕಾಸು ಖರ್ಚಿಲ್ಲದ ಈ ಸುಳಿವು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ. ಬಿಳಿಕಣ 24,600, ಎಳೆಯ ಕಣಗಳೂ ಕಂಡಿವೆ. ಪ್ಲೇಟ್‌ಲೆಟ್ 1.65 ಲಕ್ಷ, ಅಂದರೆ ತುಸು ಕಡಿಮೆ. ರಕ್ತಲೇಪದಲ್ಲಿ ಬೆಬೀಸಿಯಾ ಕಂಡಿಲ್ಲ.

ಕ್ರಿಯಾಟಿನಿನ್ 1.6 ಮಿ.ಗ್ರಾಂ., ಮೂತ್ರದ ಸಾಂದ್ರತೆ 1.045. ಮೂತ್ರ ಇಷ್ಟು ಗಟ್ಟಿಯಾಗಿರುವುದರಿಂದ ಮೂತ್ರಪಿಂಡ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಕ್ರಿಯಾಟಿನಿನ್ ಏರಿದ್ದು ನೀರಿನ ಕೊರತೆಯಿಂದ ಎಂದು ಓದಬೇಕು. ದ್ರವ ಕೊಡುವ ಮೊದಲೇ ಮೂತ್ರ ಹಿಡಿದಿಡದಿದ್ದರೆ ಈ ವಾದಕ್ಕೆ ಆಧಾರವೇ ಇರುವುದಿಲ್ಲ. ಸೋಡಿಯಂ 142, ಪೊಟ್ಯಾಸಿಯಂ 3.6. ಅಡಿಸನ್ ರೋಗದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುವುದು ವಾಡಿಕೆ, ಇಲ್ಲಿ ಹಾಗಿಲ್ಲ. ಯಕೃತ್ತಿನ ಕಿಣ್ವಗಳು ತುಸು ಏರಿವೆ, ಬಿಲಿರುಬಿನ್ ಏರಿಲ್ಲ.

ಅಮೈಲೇಸ್ ಸಹಜ ಮಿತಿಯಲ್ಲೇ ಇದೆ, ಲೈಪೇಸ್ ಮೇಲ್ಮಿತಿಯ ನಾಲ್ಕು ಪಟ್ಟು. ವಿದ್ಯಾರ್ಥಿಗಳು ಎಡವುವ ಜಾಗ ಇದು. ಈ ಎರಡೂ ಕಿಣ್ವಗಳು ಜಠರ, ಕರುಳು ಮೊದಲಾದ ಬೇರೆ ಅಂಗಗಳಿಂದಲೂ ಬರುತ್ತವೆ, ಮೂತ್ರಪಿಂಡ ಸೋತಾಗಲೂ ಏರುತ್ತವೆ, ರೋಗವಿದ್ದಾಗಲೂ ಸಹಜವಾಗಿರಬಹುದು. ಮೂರು ಪಟ್ಟು ಮೀರಿದ ಏರಿಕೆ ಅನುಮಾನಕ್ಕೆ ಬಲ ಕೊಡುತ್ತದೆ, ಅಷ್ಟೆ. ಸಹಜ ಅಮೈಲೇಸ್ ರೋಗವನ್ನು ತಳ್ಳಿಹಾಕುವುದಿಲ್ಲ.

ಮೇದೋಜೀರಕ ಗ್ರಂಥಿಯ ಲೈಪೇಸನ್ನು ಮಾತ್ರ ಅಳೆಯುವ ಪರೀಕ್ಷೆಗೆ ಸಿಪಿಎಲ್ ಎಂದು ಹೆಸರು. ಪ್ರಯೋಗಾಲಯದ ಅಳತೆಯಲ್ಲಿ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ, 400 ಮತ್ತು ಅದಕ್ಕಿಂತ ಮೇಲೆ ರೋಗಕ್ಕೆ ಹೊಂದುವ ಮಟ್ಟ, ನಡುವಿನದು ಅನಿಶ್ಚಿತ. ಆಸ್ಪತ್ರೆಯಲ್ಲೇ ಮಾಡುವ ತ್ವರಿತ ಕಿಟ್ 200ರ ಆಸುಪಾಸಿನಿಂದಲೇ ಬಣ್ಣ ತೋರಿಸುತ್ತದೆ. ಹೀಗಾಗಿ ಕಿಟ್ ನಕಾರಾತ್ಮಕ ಬಂದರೆ ಈ ರೋಗದ ಸಂಭವ ಬಹಳ ಕಡಿಮೆ ಎನ್ನಬಹುದು, ಸಕಾರಾತ್ಮಕ ಬಂದ ಮಾತ್ರಕ್ಕೆ ರೋಗ ಖಚಿತವಲ್ಲ. ಕರುಳಿನಲ್ಲಿ ಮೂಳೆ ಸಿಕ್ಕಿಕೊಂಡ ನಾಯಿಯಲ್ಲೂ ಅದು ಸಕಾರಾತ್ಮಕವಾಗಬಹುದು. ಈ ಪ್ರಕರಣದಲ್ಲಿ ಕಿಟ್ ಸಕಾರಾತ್ಮಕ. ಎಕ್ಸರೇಯಲ್ಲಿ ಮೂಳೆಯಾಗಲಿ ಉಬ್ಬಿದ ಕರುಳಾಗಲಿ ಇಲ್ಲ, ಬಲ ಮುಂಭಾಗದ ವಿವರಗಳು ಮಸುಕಾಗಿವೆ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯ ಬಲತೋಳು ದಪ್ಪವಾಗಿ ಕಪ್ಪಾಗಿ ಕಾಣುತ್ತಿದೆ, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುತ್ತಿದೆ, ಗರ್ಭಕೋಶ ಹಿಗ್ಗಿಲ್ಲ.

ನಿರ್ಣಯದ ವಾಕ್ಯ: “ಕೊಬ್ಬು ತಿಂದ ಬೊಜ್ಜಿನ ನಾಯಿಯಲ್ಲಿ ವಾಂತಿ ಮತ್ತು ಬಲ ಮುಂಭಾಗದ ನೋವು, ಸಕಾರಾತ್ಮಕ ಸಿಪಿಎಲ್ ಮತ್ತು ಹೊಂದುವ ಅಲ್ಟ್ರಾಸೌಂಡ್ ಇರುವುದರಿಂದ, ಕರುಳಿನ ತಡೆ ಹಾಗೂ ಪಯೋಮೆಟ್ರಾ ಚಿತ್ರಗಳಲ್ಲಿ ಕಾಣದಿರುವುದರಿಂದ, ತೀವ್ರಗತಿಯ ಮೇದೋಜೀರಕ ಗ್ರಂಥಿಯ ಉರಿಯೂತ ಎಂದು ತೀರ್ಮಾನಿಸಿದೆ. ಬೆಬೀಸಿಯಾ ಪೂರ್ಣವಾಗಿ ಹೊರಗಿಟ್ಟಿಲ್ಲ.” ಕೊನೆಯ ವಾಕ್ಯ ಇರಲೇಬೇಕು. ಬೆಬೀಸಿಯಾ ಗಿಬ್ಸೋನಿ ಎಂಬ ಸಣ್ಣ ಪ್ರಭೇದ ರಕ್ತಲೇಪದಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಳಿಕೆಗೆ ಎರಡೂ ರೋಗಗಳು ಕಾರಣವಾಗಬಲ್ಲವು.

ಚಿಕಿತ್ಸೆ

ಚಿಕಿತ್ಸೆಯ ಬೆನ್ನೆಲುಬು ದ್ರವ. ಕೊರತೆಯ ಲೆಕ್ಕ: 12 ಕೆ.ಜಿ.ಯ ಶೇಕಡಾ 8 ಎಂದರೆ 960 ಮಿ.ಲೀ. ದಿನದ ಅಗತ್ಯ ಕೆ.ಜಿ.ಗೆ 50 ಮಿ.ಲೀ.ನಂತೆ 600. ವಾಂತಿಯಲ್ಲಿ ಇನ್ನೂ ಹೋಗಲಿರುವುದಕ್ಕೆ ಅಂದಾಜು 240. ಒಟ್ಟು 1,800 ಮಿ.ಲೀ. ರಿಂಗರ್ಸ್ ಲ್ಯಾಕ್ಟೇಟ್, 24 ಗಂಟೆಗೆ. ಗಂಟೆಗೆ 75 ಮಿ.ಲೀ. ಆಗುತ್ತದೆ. ಇನ್‌ಫ್ಯೂಷನ್ ಪಂಪ್ ಇಲ್ಲದ ಕಡೆ ಮಿ.ಲೀ.ಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ ಇದು ನಿಮಿಷಕ್ಕೆ 25 ಹನಿ. ಈ ಹನಿಯ ಸಂಖ್ಯೆಯನ್ನು ಪಠ್ಯದಲ್ಲಿ ಹೇಳಬೇಕು, ಏಕೆಂದರೆ ವಾರ್ಡಿನಲ್ಲಿ ಎಣಿಸುವುದು ಅದನ್ನೇ. ಒಸಡು ಬಿಳಿಚಿ ಕಾಲು ತಣ್ಣಗಾಗಿ ನಾಡಿ ಕ್ಷೀಣಿಸಿದ್ದರೆ ಮೊದಲು ಕೆ.ಜಿ.ಗೆ 10ರಿಂದ 20 ಮಿ.ಲೀ. ದ್ರವವನ್ನು ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಕೊಟ್ಟು ಮರುಪರೀಕ್ಷೆ ಮಾಡಬೇಕಿತ್ತು.

ವಾಂತಿ ಮತ್ತು ಉಪವಾಸದಿಂದ ಪೊಟ್ಯಾಸಿಯಂ ಇಳಿಯುತ್ತಲೇ ಹೋಗುವುದರಿಂದ ಲೀಟರಿಗೆ 20 ಮಿಲಿಈಕ್ವಿವಲೆಂಟ್ ಸೇರಿಸಲಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇಕಡಾ 15ರ ಪೊಟ್ಯಾಸಿಯಂ ಕ್ಲೋರೈಡಿನ 10 ಮಿ.ಲೀ. ಆಂಪೂಲಿನಲ್ಲಿ ಇರುವುದು ಅಷ್ಟೇ. ಹಾಗಾಗಿ 500 ಮಿ.ಲೀ. ಬಾಟಲಿಗೆ ಅರ್ಧ ಆಂಪೂಲು. ಹಾಕಿದ ಮೇಲೆ ಬಾಟಲಿಯನ್ನು ಚೆನ್ನಾಗಿ ತಿರುವಿಹಾಕದಿದ್ದರೆ ಗಟ್ಟಿ ದ್ರಾವಣ ತಳದಲ್ಲಿ ನಿಂತು ನೇರವಾಗಿ ಹೃದಯಕ್ಕೆ ಹೋಗುತ್ತದೆ. ಈ ಬಾಟಲಿಯನ್ನು ಎಂದೂ ವೇಗವಾಗಿ ಬಿಡಬಾರದು.

ವಾಂತಿಗೆ ಮಾರೋಪಿಟೆಂಟ್ ಕೆ.ಜಿ.ಗೆ 1 ಮಿ.ಗ್ರಾಂ. ದಿನಕ್ಕೊಮ್ಮೆ, ಅಂದರೆ 12 ಮಿ.ಗ್ರಾಂ. ಅದು ಸಾಲದಿದ್ದರೆ ಒಂಡಾನ್ಸೆಟ್ರಾನ್ ಕೆ.ಜಿ.ಗೆ ಅರ್ಧ ಮಿ.ಗ್ರಾಂ. ನೋವಿಗೆ ಬ್ಯೂಪ್ರೆನಾರ್ಫಿನ್ ಕೆ.ಜಿ.ಗೆ 0.015 ಮಿ.ಗ್ರಾಂ., ಒಟ್ಟು 0.18 ಮಿ.ಗ್ರಾಂ., ಎಂಟು ಗಂಟೆಗೊಮ್ಮೆ. ನಾಯಿ ಕೂಗುತ್ತಿಲ್ಲ ಎಂದು ನೋವಿನ ಔಷಧಿ ಬಿಡುವಂತಿಲ್ಲ. ಮೆಲಾಕ್ಸಿಕಾಂ ಗುಂಪಿನ ಔಷಧಗಳು ನಿರ್ಜಲೀಕರಣಗೊಂಡ ನಾಯಿಯ ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ ಮಾಡುವುದರಿಂದ ಇಲ್ಲಿ ಸಲ್ಲವು. ನಾಯಿಗಳಲ್ಲಿ ಈ ಉರಿಯೂತ ಸಾಮಾನ್ಯವಾಗಿ ಸೋಂಕಿಲ್ಲದ್ದು, ಆದ್ದರಿಂದ ಜ್ವರ ಮತ್ತು ಬಿಳಿಕಣದ ಏರಿಕೆ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಉಣ್ಣೆ ಕಂಡಿತೆಂದು ಮೊದಲ ದಿನವೇ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದರೆ ಅದೇ ವಾಂತಿ ತರಿಸಿ ಪ್ರಗತಿಯನ್ನು ಓದಲಾಗದಂತೆ ಮಾಡುತ್ತದೆ.

ಆಹಾರದ ವಿಷಯದಲ್ಲಿ ಬೋಧನೆ ಬದಲಾಗಿದೆ. ಗ್ರಂಥಿಗೆ ವಿಶ್ರಾಂತಿ ಕೊಡಬೇಕೆಂದು ಮೂರರಿಂದ ಐದು ದಿನ ಉಪವಾಸ ಕೆಡವುವುದು ಹಿಂದಿನ ಪದ್ಧತಿ. ಉಪವಾಸದಿಂದ ಕರುಳಿನ ಒಳಪದರ ಸೊರಗುತ್ತದೆ ಎಂಬುದು ತಿಳಿದ ಮೇಲೆ, ವಾಂತಿ ಹತೋಟಿಗೆ ಬಂದೊಡನೆ ಕಡಿಮೆ ಕೊಬ್ಬಿನ ಆಹಾರ ಆರಂಭಿಸಲಾಗುತ್ತದೆ. ವಿಶ್ರಾಂತಿ ಸ್ಥಿತಿಯ ಶಕ್ತಿಯ ಅಗತ್ಯವನ್ನು, ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿ ಪಡೆಯುತ್ತಾರೆ. 12 ಕೆ.ಜಿ.ಗೆ ಇದು ಸುಮಾರು 450 ಕಿಲೋಕ್ಯಾಲರಿ. ಮೊದಲ ದಿನ ಇದರ ಕಾಲುಭಾಗವನ್ನು ಐದಾರು ಸಲಕ್ಕೆ ಹಂಚಿ ಕೊಟ್ಟು, ಮೂರ್ನಾಲ್ಕು ದಿನದಲ್ಲಿ ಪೂರ್ಣಕ್ಕೆ ತರಬೇಕು. ಬೇಯಿಸಿದ ಅನ್ನ 250 ಗ್ರಾಂ, ಚರ್ಮ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸ 80 ಗ್ರಾಂ ಸೇರಿದರೆ ಅಷ್ಟು ಶಕ್ತಿ ಸಿಗುತ್ತದೆ. ಸುಣ್ಣದಂಶ ಮತ್ತು ಜೀವಸತ್ವಗಳು ಸಾಲದ ಕಾರಣ ಇದು ಕೆಲವು ವಾರಗಳ ಮಟ್ಟಿಗೆ ಮಾತ್ರ.

ಪ್ರಗತಿ

ಎರಡನೆಯ ದಿನ ವಾಂತಿ ಒಂದೇ ಸಲ, ಕೆಂಪುಕಣ ಶೇಕಡಾ 44, ಕ್ರಿಯಾಟಿನಿನ್ 1.1. ದ್ರವದಿಂದಲೇ ಕ್ರಿಯಾಟಿನಿನ್ ಇಳಿದದ್ದು ಮೊದಲ ದಿನದ ಓದಿಗೆ ಸಾಕ್ಷಿ. ಮೂರನೆಯ ದಿನ ಜ್ವರ ಇಳಿದಿದೆ, ಪ್ಲೇಟ್‌ಲೆಟ್ 2.1 ಲಕ್ಷಕ್ಕೆ ಏರಿದೆ, ಅರ್ಧದಷ್ಟು ಆಹಾರ ತಿಂದಿದೆ. ಉಣ್ಣೆರೋಗಕ್ಕೆ ಔಷಧಿ ಕೊಡದೆಯೇ ಜ್ವರ ಇಳಿದು ಪ್ಲೇಟ್‌ಲೆಟ್ ಏರಿದ್ದರಿಂದ ಬೆಬೀಸಿಯಾದ ಅನುಮಾನ ದುರ್ಬಲವಾಗುತ್ತದೆ. ಜ್ವರ ಉಳಿದಿದ್ದರೆ ಅಥವಾ ಕೆಂಪುಕಣ ನೀರಿನ ಲೆಕ್ಕಕ್ಕಿಂತ ಹೆಚ್ಚು ಇಳಿದಿದ್ದರೆ ಪಿಸಿಆರ್ ಪರೀಕ್ಷೆ ಬೇಕಾಗುತ್ತಿತ್ತು. ಐದನೆಯ ದಿನ ಬಿಡುಗಡೆ.

ಈ ದಿನಗಳಲ್ಲಿ ಕಾಯುತ್ತಿದ್ದ ಅಪಾಯಗಳನ್ನೂ ಪಠ್ಯ ಹೆಸರಿಸಬೇಕು. ಮೂತ್ರ ಗಂಟೆಗೆ ಕೆ.ಜಿ.ಗೆ 1 ಮಿ.ಲೀ.ಗಿಂತ ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತಿದೆ. ಒಸಡಿನಲ್ಲಿ ಕೆಂಪು ಚುಕ್ಕೆ ಬಂದರೆ ರಕ್ತ ಹೆಪ್ಪುಗಟ್ಟುವುದು ಕೆಟ್ಟಿದೆ. ಉಸಿರಾಟದ ವೇಗ ಏರಿದರೆ ದ್ರವ ಹೆಚ್ಚಾಗಿದೆ ಇಲ್ಲವೇ ಶ್ವಾಸಕೋಶಕ್ಕೆ ಉರಿಯೂತ ಮುಟ್ಟಿದೆ. ನಾಯಿ ಚೇತರಿಸಿಕೊಳ್ಳುತ್ತಿರುವಂತೆ ಕಂಡ ಮೇಲೂ ಕೆಲವು ದಿನಕ್ಕೆ ಕಣ್ಣು ಹಳದಿಯಾದರೆ ಪಿತ್ತನಾಳ ಒತ್ತಿಕೊಂಡಿದೆ.

ಮನೆಗೆ ಕಳಿಸುವಾಗಿನ ಸೂಚನೆಯನ್ನು ಸಾಕುವವರ ಮಾತಿನಲ್ಲೇ ಹೇಳಬೇಕು: “ಮುದ್ದೆ ಹಾಕಬಹುದು ಅಮ್ಮ, ರಾಗಿಯಲ್ಲಿ ಜಿಡ್ಡು ಕಮ್ಮಿ. ಬಾಡಿನ ಸಾರು, ಕೊಬ್ಬು, ಬೋಟಿ, ತಲೆಕಾಲು, ಕರಿದದ್ದು ಯಾವುದೂ ಬೇಡ, ಹಬ್ಬದ ದಿನವೂ ಬೇಡ.” ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ ಎಂಬುದನ್ನು ಇಲ್ಲಿಯೇ ಸೇರಿಸಬಹುದು.

ಮಂಡನೆಯ ಪ್ರಕಾರಗಳು

ವಾರ್ಡಿನ ಬೆಳಗಿನ ಸುತ್ತಿನಲ್ಲಿ ನಡೆಯುವ ಮಂಡನೆ ಎರಡು ಮೂರು ನಿಮಿಷದ್ದು. ಅದರಲ್ಲಿ ನಿನ್ನೆಯಿಂದ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ವಿಚಾರಗೋಷ್ಠಿಯ ಮಂಡನೆ ಸ್ಲೈಡುಗಳೊಂದಿಗೆ ಪೂರ್ಣವಾಗಿ ನಡೆಯುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಎಲ್ಲಿ ಬೇಕಾದರೂ ತಡೆದು ಪ್ರಶ್ನಿಸುತ್ತಾರೆ. ಪ್ರಕರಣ ಪುಸ್ತಕದಲ್ಲಿ ಬರೆದು ಒಪ್ಪಿಸುವ ರೂಪವೂ ಉಂಟು. ಭಾಷೆ ಕಾಲೇಜಿನಲ್ಲಿ ಇಂಗ್ಲಿಷ್. ಪೂರ್ವವೃತ್ತ ಮಾತ್ರ ಹುಟ್ಟುವುದು ಕನ್ನಡದಲ್ಲಿ. ಬೈಲಕುಪ್ಪೆಯ ನೆಲೆಯಿಂದ ಬಂದ ನಾಯಿಯಾದರೆ ಟಿಬೆಟನ್ ಮಾತಿನಲ್ಲೂ ಇರಬಹುದು. ಅನುವಾದದಲ್ಲಿ ಕಳೆದುಹೋಗದಂತೆ ಮುಖ್ಯ ಉತ್ತರಗಳನ್ನು ಸಾಕುವವರ ಪದಗಳಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಚರ್ಚೆಯಲ್ಲಿ ಬರುವ ಪ್ರಶ್ನೆಗಳು

ಹೊಟ್ಟೆನೋವು ಇಲ್ಲದೆಯೂ ಈ ರೋಗ ಇರಬಹುದೇ ಎಂಬುದು ಮೊದಲ ಪ್ರಶ್ನೆ. ಮಾರಕವಾದ ತೀವ್ರ ಉರಿಯೂತದ 70 ನಾಯಿಗಳನ್ನು ಕುರಿತು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಂತಿ ಶೇಕಡಾ 90ರಷ್ಟು ನಾಯಿಗಳಲ್ಲಿ ಕಂಡಿತ್ತು, ಹೊಟ್ಟೆನೋವು ದಾಖಲಾದದ್ದು ಶೇಕಡಾ 58ರಲ್ಲಿ ಮಾತ್ರ. ಅದೇ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ರೋಗವನ್ನು ಹಿಡಿದದ್ದು ಸುಮಾರು ಮೂರರಲ್ಲಿ ಎರಡು ನಾಯಿಗಳಲ್ಲಿ. ಇಂದಿನ ಯಂತ್ರಗಳು ಸುಧಾರಿಸಿದ್ದರೂ ನೋಡುವವರ ಕೈಚಳಕದ ಮೇಲಿನ ಅವಲಂಬನೆ ಹೋಗಿಲ್ಲ.

ಸಿಪಿಎಲ್ ಕಿಟ್ಟೂ ಅಲ್ಟ್ರಾಸೌಂಡೂ ಇಲ್ಲದ ಕಡೆ ಏನು ಮಾಡಬೇಕು ಎಂಬುದು ಈ ಭಾಗದ ವಿದ್ಯಾರ್ಥಿಗೆ ಹೆಚ್ಚು ಹತ್ತಿರದ ಪ್ರಶ್ನೆ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿ.ಮೀ., ಪಿರಿಯಾಪಟ್ಟಣದಿಂದ ಅದಕ್ಕೂ ಹೆಚ್ಚು. ವಾಂತಿ ಮಾಡುತ್ತಿರುವ ನಾಯಿಯನ್ನು ಬಸ್ಸಿನಲ್ಲೋ ಆಟೋದಲ್ಲೋ ಒಯ್ಯುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ದ್ರವ, ವಾಂತಿ ನಿಲ್ಲಿಸುವ ಔಷಧಿ ಮತ್ತು ನೋವಿನ ಔಷಧಿ ಆರಂಭಿಸಬಹುದು. ಈ ಮೂರೂ ನಿರ್ಣಯಕ್ಕಾಗಿ ಕಾಯಬೇಕಿಲ್ಲ. ಕಾಯಲಾಗದ್ದು ಕರುಳಿನ ತಡೆ. ಆದ್ದರಿಂದ ಮೊದಲು ಸಿಗಬೇಕಾದ ಚಿತ್ರ ಎಕ್ಸರೇ. ಮಾರೋಪಿಟೆಂಟ್ ಕೊಟ್ಟ ಮೇಲೆ ವಾಂತಿ ನಿಂತರೂ ತಡೆ ಹಾಗೇ ಉಳಿದಿರಬಹುದು ಎಂಬುದನ್ನು ಚರ್ಚೆಯಲ್ಲಿ ಹೇಳಿದ ವಿದ್ಯಾರ್ಥಿಗೆ ವಿಷಯ ತಿಳಿದಿದೆ ಎಂದೇ ಅರ್ಥ.

ಈಗಿನ ಸ್ಥಿತಿ

ಉರಿಯೂತದ ಜಾಗಕ್ಕೆ ಬಿಳಿಕಣಗಳು ನುಗ್ಗುವುದನ್ನು ತಡೆಯುವ ಫುಜಾಪ್ಲಾಡಿಬ್ ಎಂಬ ಔಷಧಿ ಜಪಾನಿನಲ್ಲಿ ನಾಯಿಗಳ ಬಳಕೆಯಲ್ಲಿದೆ. ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಷರತ್ತುಬದ್ಧ ಅನುಮತಿ ಸಿಕ್ಕಿತು. ಇದು ದ್ರವ, ನೋವು ನಿವಾರಣೆ ಮತ್ತು ಆಹಾರದ ಜೊತೆಗೆ ಕೊಡುವಂಥದ್ದು, ಅವುಗಳ ಬದಲಿಗಲ್ಲ. ರೋಗದ ತೀವ್ರತೆಯನ್ನು ಅಳೆಯಲು 2019ರಲ್ಲಿ ಪ್ರಕಟವಾದ ಅಂಕಪದ್ಧತಿಯು ದೇಹವ್ಯಾಪಿ ಉರಿಯೂತದ ಲಕ್ಷಣ, ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಕ್ರಿಯಾಟಿನಿನ್ ಏರಿಕೆ ಮತ್ತು ರಕ್ತದ ಅಯಾನಿಕ ಸುಣ್ಣದಂಶದ ಇಳಿಕೆ ಎಂಬ ನಾಲ್ಕನ್ನು ನೋಡುತ್ತದೆ. ಮಾದರಿ ಪ್ರಕರಣದ ನಾಯಿಗೆ ಜ್ವರ, ನಾಡಿಯ ವೇಗ, ಬಿಳಿಕಣದ ಏರಿಕೆ ಇದ್ದುದರಿಂದ ಮೊದಲನೆಯ ಅಂಶ ಅನ್ವಯಿಸುತ್ತಿತ್ತು. ಕ್ರಿಯಾಟಿನಿನ್ ಏರಿಕೆ ಅಲ್ಪವಾಗಿದ್ದು ಒಂದೇ ದಿನದಲ್ಲಿ ಇಳಿಯಿತು. ಉಳಿದೆರಡನ್ನು ಅಳೆದಿರಲಿಲ್ಲ. ಅಳೆಯದ್ದನ್ನು ಸಹಜವೆಂದು ಬರೆಯದೆ ‘ಅಳೆದಿಲ್ಲ’ ಎಂದೇ ಪಠ್ಯದಲ್ಲಿ ಬರೆಯಬೇಕು.